ವೆಂಡರ್ ಕರಾರಿನ ನಷ್ಟಭರ್ತಿ ಕಲಮು: ಯಾವ ನಷ್ಟ ಯಾರ ತಲೆಗೆ ಎಂಬುದು ಮ್ಯಾನೇಜರಿಗೆ ತಿಳಿಯುವಂತೆ ಬರೆಯುವುದು ಹೇಗೆ?

ವೆರ್ಣಾ ಖರೀದಿ:

ಎಲ್ಲರಿಗೂ ನಮಸ್ಕಾರ. ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನಲ್ಲಿರುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಖರೀದಿ ಮತ್ತು ಕರಾರುಗಳ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ನಾನು ವಕೀಲೆಯಲ್ಲ. ನಮ್ಮ ಮ್ಯಾನೇಜರ್ ಧಾರವಾಡದ ಕಡೆಯವರು. ಶೀತಲ ಕೋಣೆಯ ಬಾಗಿಲು ತೆರೆದಾಗ ಬರುವ ಗಾಳಿಯಿಂದಲೇ ಒಳಗಿನ ತಾಪಮಾನವನ್ನು ಅಂದಾಜು ಮಾಡಬಲ್ಲವರು. ಆದರೆ ಕರಾರಿನ ಭಾಷೆ ಎಂದರೆ ಅವರಿಗೆ ಆಗುವುದಿಲ್ಲ. ಹೋದ ಆಗಸ್ಟಿನಲ್ಲಿ ನಡೆದ ಒಂದು ಪ್ರಸಂಗದಿಂದ ಆ ಬೇಸರ ಸಿಟ್ಟಾಗಿದೆ.

ಯಂತ್ರಗಳ ನಿರ್ವಹಣೆಗೆ ಒಬ್ಬ ವೆಂಡರ್ ಜೊತೆ ವರ್ಷಕ್ಕೆ 9.6 ಲಕ್ಷ ರೂಪಾಯಿಯ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು, ಇತ್ತು. ಅವರ ತಂತ್ರಜ್ಞ ಒಂದು ಸಂಜೆ ಕಟ್ಟಿದ ಮಂಜನ್ನು ಕರಗಿಸುವ ಡೀಫ್ರಾಸ್ಟ್ ಹೀಟರ್ ಸರಿಪಡಿಸಿ, ಪರೀಕ್ಷೆಗೆಂದು ಕೈಯಾರೆ ನಡೆಸಿದ ಟೈಮರನ್ನು ಮತ್ತೆ ಆಟೋಗೆ ತಿರುಗಿಸದೆ ಹೋದ. ರಾತ್ರಿಯಿಡೀ ಹೀಟರ್ ಉರಿಯಿತು. ಮೈನಸ್ 20 ಇರಬೇಕಾದ ಕೋಣೆ ಬೆಳಗಿನ ಹೊತ್ತಿಗೆ ಮೈನಸ್ 6ಕ್ಕೆ ಏರಿತ್ತು. ಇದಕ್ಕೆ ಇನ್ನೊಂದು ಮುಖವೂ ಉಂಟು, ಅದನ್ನು ಮುಚ್ಚಿಡುವುದಿಲ್ಲ: ರಾತ್ರಿ ಒಂದೂವರೆಗೆ ಅಲಾರಂ ಹೊಡೆದಾಗ ನಮ್ಮದೇ ಆಪರೇಟರ್ ಅದನ್ನು ಬಂದ್ ಮಾಡಿ ಮಲಗಿದ್ದ.

ಗ್ರಾಹಕರೊಬ್ಬರು ನಮ್ಮಲ್ಲಿ ಇಟ್ಟಿದ್ದ ನಾಲ್ಕು ಟನ್ ಸಿಗಡಿ ಕೆಟ್ಟು, ಅವರು ನಮ್ಮ ಮೇಲೆ 14 ಲಕ್ಷದ ಕ್ಲೇಮ್ ಹಾಕಿದರು. ನಮ್ಮ ಸ್ವಂತದ ಒಂದು ಟನ್ ಮಾಲಿನ ಬೆಲೆ 3.5 ಲಕ್ಷ. ಹೀಟರ್ ಮತ್ತು ವೈರಿಂಗ್ ರಿಪೇರಿಗೆ 60 ಸಾವಿರ, ಉಳಿದ ಮಾಲನ್ನು ಇಡಲು ತರಿಸಿದ ರೀಫರ್ ಎಂಬ ಶೀತಲ ಗಾಡಿಗೆ 40 ಸಾವಿರ, ವಕೀಲರಿಗೆ ಒಂದು ಲಕ್ಷ ಖರ್ಚಾಯಿತು. ಇದರ ಮೇಲೆ ಕೈತಪ್ಪಿದ ಒಂದು ಹೋಟೆಲ್ ಆರ್ಡರಿನ ಲಾಭ ಸುಮಾರು 5 ಲಕ್ಷ. ಒಟ್ಟು 24.5 ಲಕ್ಷ.

ಕರಾರಿನ 14ನೇ ಕಲಮು ಅಷ್ಟನ್ನೂ ವೆಂಡರ್ ಕೊಡುತ್ತಾನೆ ಎನ್ನುವಂತಿತ್ತು. ಅದರ ಇಂಗ್ಲಿಷನ್ನು ಕನ್ನಡಕ್ಕಿಳಿಸಿದರೆ ಹೀಗಾಗುತ್ತದೆ: “ಸೇವೆಗಳಿಂದ ಉಂಟಾಗುವ ಅಥವಾ ಸೇವೆಗಳಿಗೆ ಯಾವುದೇ ರೀತಿಯಲ್ಲಿ ಸಂಬಂಧಿಸಿದ ಸಕಲ ಕ್ಲೇಮುಗಳು, ನಷ್ಟಗಳು, ಹಾನಿಗಳು, ವೆಚ್ಚಗಳು ಮತ್ತು ಹೊಣೆಗಳಿಂದ ವೆಂಡರನು ಕಂಪನಿಯನ್ನು ಕಾಪಾಡತಕ್ಕದ್ದು, ಅದರ ಪರವಾಗಿ ಪ್ರತಿವಾದಿಸತಕ್ಕದ್ದು ಮತ್ತು ಅದನ್ನು ಬಾಧೆಯಿಲ್ಲದಂತೆ ಇರಿಸತಕ್ಕದ್ದು.” ಕೊನೆಗೆ ವೆಂಡರ್ ಕೊಟ್ಟಿದ್ದು 9.6 ಲಕ್ಷ ಮಾತ್ರ. ಮೂರು ಪುಟ ಮುಂದೆ 17ನೇ ಕಲಮಿನಲ್ಲಿ “ಈ ಕರಾರಿನಲ್ಲಿ ಬೇರೆ ಏನೇ ಹೇಳಿದ್ದರೂ, ವೆಂಡರನ ಒಟ್ಟು ಹೊಣೆಯು ಹಿಂದಿನ ಹನ್ನೆರಡು ತಿಂಗಳ ಶುಲ್ಕವನ್ನು ಮೀರತಕ್ಕದ್ದಲ್ಲ, ಕೈತಪ್ಪಿದ ಲಾಭ ಮತ್ತು ಪರೋಕ್ಷ ನಷ್ಟಕ್ಕೆ ವೆಂಡರ್ ಹೊಣೆಯಲ್ಲ” ಎಂದು ಇತ್ತು. ನಮ್ಮ ಮ್ಯಾನೇಜರ್ 14ನ್ನು ಓದಿದ್ದರು, 17ನ್ನು ಓದಿರಲಿಲ್ಲ.

ಈಗ ಹೊಸ ವೆಂಡರ್ ಬರುತ್ತಿದ್ದಾರೆ. ಮ್ಯಾನೇಜರ್ ಒಮ್ಮೆ ಓದಿ “ಇದು ನಮ್ಮ ತಲೆಗೆ, ಇದು ಅವರ ತಲೆಗೆ” ಎಂದು ತಪ್ಪಿಲ್ಲದೆ ಹೇಳುವಂತೆ ಈ ಕಲಮನ್ನು ಹೇಗೆ ಬರೆಯಬಹುದು?

ಕೊಥ್ರೂಡ್ ಕನ್ನಡಿಗ:

ಪುಣೆಯ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ವೆಂಡರ್ ಕರಾರುಗಳನ್ನು ನೋಡುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ನಿಮಗೆ ಮೋಸವಾಗಿದೆ ಮೇಡಂ. ಇಂಡೆಮ್ನಿಟಿ, ಅಂದರೆ ನಷ್ಟಭರ್ತಿ, ಎನ್ನುವುದು ಸಾಮಾನ್ಯ ಪರಿಹಾರಕ್ಕಿಂತ ಬೇರೆಯದೇ ಆದ ಹಕ್ಕು. ಎದುರಿನವರು ಕರಾರು ಮುರಿದರೆಂದು ಸಾಬೀತು ಮಾಡುವ ಅಗತ್ಯವೂ ಅದಕ್ಕಿಲ್ಲ. ಹಾಗಾಗಿ ಹೊಣೆಯ ಮಿತಿಯ ಕಲಮು ಅದನ್ನು ಮುಟ್ಟುವುದಿಲ್ಲ, ಪೂರ್ತಿ 24.5 ಲಕ್ಷವನ್ನು ನೀವು ಕೇಳಬಹುದಿತ್ತು. ಹಳೆಯ ಕಲಮನ್ನು ಹಾಗೆಯೇ ಇಟ್ಟುಕೊಳ್ಳಿ, ಅದು ಗಟ್ಟಿಯಾಗಿದೆ. ಮ್ಯಾನೇಜರಿಗೆ ಬೇಕಾದರೆ ಅರ್ಧ ಪುಟದ ಸಾರಾಂಶವನ್ನು ಪ್ರತ್ಯೇಕವಾಗಿ ಬರೆದುಕೊಡಿ.

ಮಾಟುಂಗಾ ಕಾರ್ಯದರ್ಶಿ:

ನಮ್ಮ ಹೌಸಿಂಗ್ ಸೊಸೈಟಿಯಲ್ಲಿಯೂ ಇದೇ ಆಗಿದೆ. ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದ ಕಂತ್ರಾಟುದಾರನ ಹುಡುಗನೊಬ್ಬ ಬಿದಿರಿನ ಪರಾಂಚಿಯಿಂದ ಬಿದ್ದು ಕಾಲು ಮುರಿದುಕೊಂಡ. ಕಂತ್ರಾಟುದಾರನಿಂದ ಐನೂರು ರೂಪಾಯಿಯ ಸ್ಟಾಂಪ್ ಪೇಪರಿನ ಮೇಲೆ ಇಂಡೆಮ್ನಿಟಿ ಬಾಂಡ್ ಬರೆಸಿಕೊಂಡಿದ್ದೆವು. ಹಾಗಿದ್ದೂ ಹುಡುಗನ ಮನೆಯವರ ವಕೀಲರ ನೋಟೀಸು ಸೊಸೈಟಿಯ ಹೆಸರಿಗೇ ಬಂತು. ಬಾಂಡ್ ಇದ್ದ ಮೇಲೆ ನಮಗೆ ನೋಟೀಸು ಹೇಗೆ ಬರುತ್ತದೆ? ವೆರ್ಣಾದವರು ಕಲಮನ್ನು ಎಷ್ಟು ಚೆನ್ನಾಗಿ ಬರೆದರೂ ಸ್ಟಾಂಪ್ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲವೆಂದು ನನ್ನ ಅನಿಸಿಕೆ.

ಕಾಳಾಘೋಡಾ:

ಮುಂಬಯಿಯಲ್ಲಿ ವಾಣಿಜ್ಯ ಕರಾರುಗಳನ್ನು ಬರೆಯುವುದು ಮತ್ತು ಅವುಗಳ ಮೇಲೆ ಜಗಳವಾಡುವುದು ಎರಡನ್ನೂ ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ಮಾಟುಂಗಾದವರಿಗೆ. ನಿಮ್ಮ ಬಾಂಡಿನಲ್ಲಿ ದೋಷವಿಲ್ಲದಿರಬಹುದು, ಅದರಿಂದ ನೀವು ಬಯಸಿದ್ದೇ ಬೇರೆ. ನಷ್ಟಭರ್ತಿಯ ಮಾತು ಸೊಸೈಟಿ ಮತ್ತು ಕಂತ್ರಾಟುದಾರ ಇಬ್ಬರ ನಡುವಿನದು. ಬಿದ್ದ ಹುಡುಗ ಅದಕ್ಕೆ ಸಹಿ ಹಾಕಿಲ್ಲವಾದ್ದರಿಂದ ಅವನನ್ನು ಅದು ಕಟ್ಟಿಹಾಕುವುದಿಲ್ಲ. ಕಂತ್ರಾಟುದಾರನ ಕೆಲಸಗಾರನಿಗೆ ಗಾಯವಾದರೆ ಕೆಲಸ ಕೊಟ್ಟ ಮೂಲ ಮಾಲೀಕನಿಂದಲೇ ಪರಿಹಾರ ಕೇಳಬಹುದು, ಕೊಟ್ಟ ಮಾಲೀಕ ಅದನ್ನು ಕಂತ್ರಾಟುದಾರನಿಂದ ವಸೂಲು ಮಾಡಿಕೊಳ್ಳಬಹುದು ಎಂಬ ಏರ್ಪಾಡು 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಕಾಲದಿಂದಲೂ ಬಂದಿದೆ. ಸೊಸೈಟಿಯೊಂದಕ್ಕೆ ಇದು ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ನಿಮ್ಮ ವಕೀಲರಿಗೆ ಕೇಳಿ. ಆದರೆ ತತ್ವ ಇಷ್ಟೇ: ಕ್ಲೇಮು ನಿಮ್ಮ ಬಾಗಿಲಿಗೆ ಬರುವುದನ್ನು ನಷ್ಟಭರ್ತಿ ತಡೆಯುವುದಿಲ್ಲ, ಬಂದ ಮೇಲೆ ಹಣ ಯಾರ ಜೇಬಿನಿಂದ ಹೋಗಬೇಕೆಂಬುದನ್ನು ಮಾತ್ರ ತೀರ್ಮಾನಿಸುತ್ತದೆ. ವೆರ್ಣಾದ ಮ್ಯಾನೇಜರಿಗೂ ಮೊದಲು ಹೇಳಬೇಕಾದ ಮಾತು ಇದು. ಸಿಗಡಿಯ ಗ್ರಾಹಕ ಮಾಲು ಒಪ್ಪಿಸಿದ್ದು ಕೋಲ್ಡ್ ಸ್ಟೋರೇಜಿಗೆ, ಆದ್ದರಿಂದ ಅವನು ಕೇಳುವುದೂ ಅವರನ್ನೇ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಮಾಲನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಾನೋ ಅಷ್ಟು ಜೋಪಾನವನ್ನು ಒಪ್ಪಿಸಿಕೊಂಡ ಮಾಲಿಗೂ ತೋರಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 151ನೇ ಪ್ರಕರಣ ಹೇಳುತ್ತದೆ. ಅಲಾರಂ ಬಂದ್ ಮಾಡಿ ಮಲಗಿದವನನ್ನು ಇಟ್ಟುಕೊಂಡು “ತಪ್ಪು ವೆಂಡರನದು” ಎಂದು ಗ್ರಾಹಕನಿಗೆ ಹೇಳಲಾಗದು.

ಕೊಥ್ರೂಡಿನವರ ಮಾತು ಅರ್ಧ ಸರಿ. ಕರಾರು ಮುರಿದದ್ದನ್ನು ಸಾಬೀತು ಮಾಡದೆಯೂ ನಷ್ಟಭರ್ತಿ ಕೇಳಬಹುದು ಎನ್ನುವುದು ನಿಜ. ಕಲಮಿನಲ್ಲಿ ಹೆಸರಿಸಿದ ಘಟನೆ ನಡೆದಿದೆ, ಅದರಿಂದ ನಷ್ಟವಾಗಿದೆ ಎಂದು ತೋರಿಸಿದರೆ ಸಾಕು. ಆದರೆ ಆ ಕಾರಣಕ್ಕೆ ಮಿತಿಯ ಕಲಮು ಅದನ್ನು ಮುಟ್ಟುವುದಿಲ್ಲ ಎನ್ನಲಾಗದು. “ಬೇರೆ ಏನೇ ಹೇಳಿದ್ದರೂ” ಎಂದು ಆರಂಭವಾಗುವ ಕಲಮು 14ನ್ನೂ ಸೇರಿಸಿಕೊಂಡೇ ಮಾತಾಡುತ್ತಿದೆ. ಮಿತಿಯಿಂದ ಹೊರಗಿಡಬೇಕೆಂದಿದ್ದರೆ ಅದನ್ನು 17ರಲ್ಲಿಯೇ ಬರೆಯಬೇಕಿತ್ತು. ಹಾಗಾಗಿ 9.6 ಲಕ್ಷ ಕೊಟ್ಟು ಕೈತೊಳೆದುಕೊಂಡ ವೆಂಡರ್ ಕರಾರಿನ ಪ್ರಕಾರವೇ ನಡೆದಿದ್ದಾರೆ. ಉಳಿದ 14.9 ಲಕ್ಷ ನಿಮ್ಮ ತಲೆಗೆ ಬಂದದ್ದು ಸಹಿ ಹಾಕಿದ ದಿನವೇ.

ಪ್ರತ್ಯೇಕ ಸಾರಾಂಶದ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಲಮು ಒಂದು ಹೇಳಿ ಸಾರಾಂಶ ಇನ್ನೊಂದು ಹೇಳಿದ ದಿನ ಜಗಳ ಎರಡಾಗುತ್ತದೆ. ಮ್ಯಾನೇಜರ್ ಓದುವುದೂ ನ್ಯಾಯಾಲಯ ಓದುವುದೂ ಒಂದೇ ಪಠ್ಯವಾಗಿರಬೇಕು.

ಬರೆಯುವಾಗ ಎರಡು ಕೆಲಸ ಮಾಡಿ. ಮೊದಲನೆಯದು, ಹೊರಗಿನವರು ನಿಮ್ಮ ಮೇಲೆ ಹಾಕುವ ಕ್ಲೇಮನ್ನೂ ನಿಮಗೇ ಆದ ನಷ್ಟವನ್ನೂ ಬೇರ್ಪಡಿಸಿ. ಹಳೆಯ ಕಲಮು “ಕ್ಲೇಮುಗಳು, ನಷ್ಟಗಳು, ಹಾನಿಗಳು” ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದರಿಂದ, ನಿಮ್ಮ ಸ್ವಂತ ಸಿಗಡಿಯ ಬೆಲೆ ಅದರಲ್ಲಿ ಸೇರಿದೆಯೋ ಇಲ್ಲವೋ ಎಂದೇ ಇಬ್ಬರು ವಕೀಲರು ಒಂದು ದಿನ ವಾದಿಸಬಹುದು. ಗ್ರಾಹಕನ 14 ಲಕ್ಷ ಮತ್ತು ಆ ಕ್ಲೇಮಿಗಾಗಿ ವಕೀಲರಿಗೆ ಕೊಟ್ಟ ಒಂದು ಲಕ್ಷ ಒಂದು ಗುಂಪು. ಸ್ವಂತ ಮಾಲು, ರಿಪೇರಿ, ರೀಫರ್ ಸೇರಿ 4.5 ಲಕ್ಷ ಎರಡನೆಯ ಗುಂಪು. ಹೋಟೆಲ್ ಆರ್ಡರಿನ 5 ಲಕ್ಷ ಮೂರನೆಯದು. ಮೂರಕ್ಕೂ ಬೇರೆ ಬೇರೆ ಉತ್ತರ ಇರಬಹುದು, ಆದರೆ ಪ್ರತಿಯೊಂದರ ಉತ್ತರವೂ ಅದರ ಪಕ್ಕದಲ್ಲಿಯೇ ಇರಬೇಕು. ಮಿತಿ ಎಷ್ಟೆಂಬುದನ್ನು ಮೂರು ಪುಟ ಆಚೆ ಇಡುವ ಪದ್ಧತಿ ಇದೆಯಲ್ಲ, ನಿಮ್ಮ ಮ್ಯಾನೇಜರನ್ನು ಕೆಡವಿದ್ದು ಅದೇ.

ಎರಡನೆಯದು ಕ್ರಿಯಾಪದ. ಕಾಪಾಡತಕ್ಕದ್ದು, ಬಾಧೆಯಿಲ್ಲದಂತೆ ಇರಿಸತಕ್ಕದ್ದು ಎಂಬ ಮಾತುಗಳ ಜಾಗದಲ್ಲಿ “ವೆಂಡರ್ ಹಣ ಕೊಡಬೇಕು” ಎಂದು ಬರೆಯಿರಿ. ಯಾವಾಗ ಕೊಡಬೇಕೆಂಬುದನ್ನೂ ಅಲ್ಲಿಯೇ ಹೇಳಿ. ನೀವು ಗ್ರಾಹಕನಿಗೆ ಕೊಟ್ಟ ಮೇಲೆ ವೆಂಡರ್ ತುಂಬಿಕೊಡಬೇಕೋ, ನೀವು ಕೊಡುವ ಮೊದಲೇ ಕೊಡಬೇಕೋ ಎಂಬುದು ಹಳೆಯ ಜಗಳ. 1942ರಲ್ಲಿ ಗಜಾನನ ಮೋರೇಶ್ವರ ಪರೇಲ್ಕರ್ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಚಾಗ್ಲಾ ಅವರು, ಹೊಣೆಯು ಖಚಿತವಾಗಿ ನಿಂತ ಮೇಲೆ ನಷ್ಟಭರ್ತಿ ಪಡೆಯುವವನು ತಾನು ಮೊದಲು ಹಣ ತೆತ್ತು ಕೈಸುಟ್ಟುಕೊಳ್ಳುವವರೆಗೆ ಕಾಯಬೇಕಿಲ್ಲ, ಆ ಹೊಣೆಯನ್ನು ತೀರಿಸುವಂತೆ ಎದುರಿನವನನ್ನು ಕೇಳಬಹುದು ಎಂದು ತೀರ್ಪಿತ್ತರು. ಆ ಜಗಳವೂ ಮುಂಬಯಿಯ ಒಂದು ನಿವೇಶನದ ಮೇಲಿನದೇ. ತೀರ್ಪು ನಿಮ್ಮ ಪರವಾಗಿದೆಯೆಂದು ಸುಮ್ಮನಿರಬೇಡಿ. “ಮೊತ್ತ ನಿಗದಿಯಾದ 15 ದಿನದೊಳಗೆ” ಎಂದು ಒಂದು ಸಾಲು ಬರೆದರೆ ಮ್ಯಾನೇಜರಿಗೆ ಆ ತೀರ್ಪಿನ ಹೆಸರೂ ಬೇಕಾಗುವುದಿಲ್ಲ.

ಭೋಸರಿಯ ಮೆಕ್ಯಾನಿಕ್:

ಎಲ್ಲರೂ ಮಾಲೀಕರ ಕಡೆಯಿಂದಲೇ ಬರೆಯುತ್ತಿದ್ದೀರಿ, ವೆಂಡರ್ ಕಡೆಯ ಮಾತನ್ನೂ ಒಂದಿಷ್ಟು ಕೇಳಿ. ನಾನು ಆರು ಜನರನ್ನು ಇಟ್ಟುಕೊಂಡು ಪುಣೆಯ ಸುತ್ತಮುತ್ತ ಇದೇ ಕೆಲಸ ಮಾಡುತ್ತೇನೆ. ವರ್ಷಕ್ಕೆ 9.6 ಲಕ್ಷ ಎಂದರೆ ತಿಂಗಳಿಗೆ 80 ಸಾವಿರ. ಇಬ್ಬರ ಸಂಬಳ, ಗಾಡಿ, ಗ್ಯಾಸ್ ಕಳೆದರೆ ಕೈಯಲ್ಲಿ ಉಳಿಯುವುದು ಎಷ್ಟೆಂದು ನೀವೇ ಲೆಕ್ಕ ಹಾಕಿ. ನಿಮ್ಮ ಕೋಣೆಯಲ್ಲಿ ಯಾವ ದಿನ ಎಷ್ಟು ಲಕ್ಷದ ಮಾಲಿದೆ ಎಂಬುದು ನನಗೆ ತಿಳಿಯುವುದಿಲ್ಲ. ಜುಲೈ ಕೊನೆಯವರೆಗೆ ಮೀನುಗಾರಿಕೆ ನಿಷೇಧ ಇರುವಾಗ ಖಾಲಿ ಬಿದ್ದ ಕೋಣೆ ಆಗಸ್ಟಿನಲ್ಲಿ ತುಂಬಿರುತ್ತದೆ, ನನ್ನ ಶುಲ್ಕ ಮಾತ್ರ ಎರಡೂ ತಿಂಗಳು ಅಷ್ಟೇ. ಮಿತಿಯಿಲ್ಲದ ಹೊಣೆಗೆ ಸಹಿ ಹಾಕುವ ವೆಂಡರ್ ಒಂದೋ ಓದದೆ ಸಹಿ ಹಾಕಿರುತ್ತಾನೆ, ಇಲ್ಲವೇ ಕೊಡುವ ದಿನ ಬಂದಾಗ ಅಂಗಡಿ ಮುಚ್ಚಿಕೊಂಡು ಹೋಗುತ್ತಾನೆ. ಅವನ ಬಳಿ ಹಣವೇ ಇಲ್ಲದಿದ್ದರೆ ನಿಮ್ಮ ಕಲಮು ಎಷ್ಟು ಗಟ್ಟಿಯಾಗಿದ್ದು ಏನು ಬಂತು?

ಇನ್ನು ಆ ಅಲಾರಂ. ಒಂದೂವರೆಗೆ ನಿಮ್ಮ ಆಪರೇಟರ್ ಎದ್ದು ಹೀಟರಿನ ಸ್ವಿಚ್ ಆರಿಸಿದ್ದರೆ ಮಾಲು ಉಳಿಯುತ್ತಿತ್ತು. ಆ ಪಾಲನ್ನು ನಾನೇಕೆ ಹೊರಬೇಕು? ನಿಮ್ಮ ಹಳೆಯ ಕಲಮಿನಲ್ಲಿ “ಯಾವುದೇ ರೀತಿಯಲ್ಲಿ ಸಂಬಂಧಿಸಿದ” ಎಂದಿದೆ. ಹಾಗೆ ನೋಡಿದರೆ ನಾನು ರಿಪೇರಿ ಮಾಡಿದ ಕೋಣೆಯ ಬಾಗಿಲನ್ನು ನಿಮ್ಮ ಹಮಾಲರು ತೆರೆದಿಟ್ಟರೂ ಅದು ನನ್ನ ಸೇವೆಗೆ ಸಂಬಂಧಿಸಿದ್ದೇ ಆಗುತ್ತದೆ.

ಕಾಳಾಘೋಡಾ:

ಭೋಸರಿಯವರು ಹೇಳಿದ ಎರಡೂ ಮಾತು ಸರಿ, ಎರಡನೆಯದಂತೂ ಬಹಳ ಸರಿ. “ಸಂಬಂಧಿಸಿದ” ಎಂಬ ಪದವನ್ನು ತೆಗೆದು “ವೆಂಡರನ ಅಥವಾ ಅವರ ಜನರ ತಪ್ಪು ಇಲ್ಲವೆ ಅಜಾಗರೂಕತೆಯ ಕಾರಣದಿಂದ ಆದ” ಎಂದು ಬರೆಯಿರಿ. ಇದರಿಂದ ಕಂಪನಿ ಒಂದಿಷ್ಟನ್ನು ಬಿಟ್ಟುಕೊಟ್ಟಂತೆ ಕಾಣುತ್ತದೆ. ಆದರೆ ಬಿಟ್ಟದ್ದು ಹೇಗೂ ದಕ್ಕದೆ ಇದ್ದದ್ದು, ಮ್ಯಾನೇಜರಿಗೆ ಸಿಗುವ ಸ್ಪಷ್ಟತೆ ದೊಡ್ಡದು. ಇಬ್ಬರ ತಪ್ಪೂ ಸೇರಿದಾಗ ಏನೆಂಬುದನ್ನು ಕಲಮಿನಲ್ಲಿಯೇ ಹೇಳಿ. ಅದು ಮೌನವಾಗಿದ್ದರೆ, ಕರಾರಿನ ಹೊಣೆಯಲ್ಲಿ ಪಾಲು ಕಳೆಯಬಹುದೇ ಎಂಬುದರ ಮೇಲೆಯೇ ವಾದ ನಡೆಯುತ್ತದೆ.

ಮಿತಿಯ ವಿಷಯದಲ್ಲಿ ನನ್ನ ರೂಢಿ ಹೀಗೆ: ಹೊರಗಿನವರ ಕ್ಲೇಮಿನ ಮಿತಿಯನ್ನು ಶುಲ್ಕಕ್ಕೆ ಕಟ್ಟಿಹಾಕದೆ ವೆಂಡರನ ವಿಮೆಯ ಮೊತ್ತಕ್ಕೆ ಹೊಂದಿಸುತ್ತೇನೆ, ಕಂಪನಿಯ ಸ್ವಂತ ನಷ್ಟಕ್ಕೆ ಒಂದು ವರ್ಷದ ಶುಲ್ಕವನ್ನು ಮಿತಿಯಾಗಿ ಇಡುತ್ತೇನೆ. ವೆಂಡರನದೇ ಕೆಲಸಗಾರನಿಗೆ ಗಾಯವಾದ ಕ್ಲೇಮಿಗೆ ಮಿತಿ ಇಡುವುದಿಲ್ಲ. ಮಾಟುಂಗಾದವರ ಪ್ರಸಂಗ ಅದಕ್ಕೆ ಸರಿಯಾದ ಉದಾಹರಣೆ.

ಮ್ಯಾನೇಜರಿಗೆ ತಿಳಿಯುವಂತೆ ಮಾಡುವ ಉಪಾಯ ಒಂದಿದೆ, ಅದು ಹೊಸದೇನೂ ಅಲ್ಲ. ಕರಾರು ಕಾಯ್ದೆಯನ್ನು ತೆರೆದು 124ನೇ ಪ್ರಕರಣವನ್ನು ನೋಡಿ. ನಷ್ಟಭರ್ತಿಯ ಕರಾರು ಎಂದರೇನು ಎಂದು ಒಂದು ವಾಕ್ಯದಲ್ಲಿ ಹೇಳಿ, ಕೆಳಗೇ ಒಂದು ದೃಷ್ಟಾಂತ ಕೊಟ್ಟಿದ್ದಾರೆ: 200 ರೂಪಾಯಿಯ ಒಂದು ಮೊತ್ತದ ಬಗ್ಗೆ ಮೂರನೆಯವನು ಹೂಡಬಹುದಾದ ದಾವೆಯ ಪರಿಣಾಮಗಳಿಂದ ಒಬ್ಬನು ಇನ್ನೊಬ್ಬನನ್ನು ಕಾಪಾಡುವುದಾಗಿ ಮಾತು ಕೊಡುತ್ತಾನೆ ಎಂದು. 1872ರಲ್ಲಿ ಶಾಸನ ಬರೆದವರೇ ಅಂಕಿ ಹಾಕಿ ಉದಾಹರಣೆ ಕೊಟ್ಟಿರುವಾಗ ನಮ್ಮ ಕರಾರುಗಳು ಅದಕ್ಕೆ ನಾಚಬೇಕಿಲ್ಲ. ನಿಮ್ಮ ಆಗಸ್ಟಿನ ರಾತ್ರಿಯನ್ನೇ ದೃಷ್ಟಾಂತವಾಗಿ ಕಲಮಿನೊಳಗೆ ಸೇರಿಸಿ. “ದೃಷ್ಟಾಂತವು ಈ ಕಲಮಿನ ಭಾಗ, ಇದರಲ್ಲಿರುವ ಅಂಕಿಗಳು ಮಿತಿಗಳಲ್ಲ” ಎಂದು ಒಂದು ಸಾಲು ಬರೆದರೆ ಅಪಾಯವಿಲ್ಲ.

ಪಣಜಿ ಪಾಲಿಸಿ:

ವಿಮೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಕೋಲ್ಡ್ ಸ್ಟೋರೇಜಿನವರು ಯಂತ್ರದ ಬ್ರೇಕ್‌ಡೌನ್ ಪಾಲಿಸಿಯ ಜೊತೆಗೆ ಸಂಗ್ರಹಿಸಿದ ಮಾಲು ಕೆಡುವುದಕ್ಕೂ ಪಾಲಿಸಿ ತೆಗೆದುಕೊಳ್ಳಬಹುದು. ಆದರೆ ವಿಮಾ ಕಂಪನಿ ನಿಮಗೆ ಹಣ ಕೊಟ್ಟ ಮೇಲೆ ನಿಮ್ಮ ಜಾಗದಲ್ಲಿ ನಿಂತು ವೆಂಡರನನ್ನು ಕೇಳುವ ಹಕ್ಕು ಅದಕ್ಕೆ ಬರುತ್ತದೆ. ಕರಾರಿನಲ್ಲಿ ನೀವು ವೆಂಡರನ ಹೊಣೆಯನ್ನು ಬಿಟ್ಟುಕೊಟ್ಟಿದ್ದರೆ ಆ ಹಕ್ಕಿಗೂ ಪೆಟ್ಟು ಬೀಳುವುದರಿಂದ, ಮಿತಿಗೆ ಸಹಿ ಹಾಕುವ ಮೊದಲು ಕರಡನ್ನು ನಿಮ್ಮ ವಿಮೆಯವರಿಗೆ ತೋರಿಸಿ. ವೆಂಡರನ ಪಾಲಿಸಿಯ ನಕಲನ್ನೂ ತರಿಸಿಕೊಂಡು, ಅವರ ಕೆಲಸದಿಂದ ಬೇರೆಯವರ ಮಾಲಿಗೆ ಆಗುವ ಹಾನಿ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ. ನಕಲು ಫೈಲಿನಲ್ಲಿರುತ್ತದೆ, ಅದರ ಒಳಗೇನಿದೆ ಎಂದು ಯಾರೂ ಓದಿರುವುದಿಲ್ಲ. ಇದನ್ನು ಬಹಳ ಸಲ ಕಂಡಿದ್ದೇನೆ.

ವೆರ್ಣಾ ಖರೀದಿ:

ಎಲ್ಲರಿಗೂ ಧನ್ಯವಾದಗಳು. ಎರಡು ಸಂಜೆ ಕುಳಿತು ಕರಡೊಂದನ್ನು ಮಾಡಿದ್ದೇನೆ. ಮೂಲ ಇಂಗ್ಲಿಷಿನಲ್ಲಿದೆ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

“14.1 ಹೊರಗಿನವರ ಕ್ಲೇಮು: ವೆಂಡರನ ಅಥವಾ ವೆಂಡರನ ಜನರ ತಪ್ಪು ಇಲ್ಲವೆ ಅಜಾಗರೂಕತೆಯ ಕಾರಣದಿಂದ ಬೇರೊಬ್ಬರು ಕಂಪನಿಯ ಮೇಲೆ ಕ್ಲೇಮು ಹಾಕಿದರೆ, ಕಂಪನಿಯು ಕೊಡಬೇಕಾಗಿ ಬಂದ ಮೊತ್ತವನ್ನೂ ಆ ಕ್ಲೇಮನ್ನು ಎದುರಿಸಲು ತಗಲಿದ ನ್ಯಾಯವಾದ ವೆಚ್ಚವನ್ನೂ ವೆಂಡರ್ ಕೊಡಬೇಕು. ಇದಕ್ಕೆ ಒಂದು ಘಟನೆಗೆ 25 ಲಕ್ಷ ರೂಪಾಯಿಯ ಮಿತಿ ಇದೆ. ವೆಂಡರನ ಕೆಲಸಗಾರರ ಗಾಯ ಅಥವಾ ಸಾವಿನ ಕ್ಲೇಮಿಗೆ ಮಿತಿ ಇಲ್ಲ.

14.2 ಕಂಪನಿಯ ಸ್ವಂತ ನಷ್ಟ: ಅದೇ ಕಾರಣದಿಂದ ಕಂಪನಿಯ ಮಾಲು ಅಥವಾ ಯಂತ್ರ ಹಾಳಾದರೆ ಅದರ ಖರೀದಿ ಬೆಲೆ ಇಲ್ಲವೆ ರಿಪೇರಿ ವೆಚ್ಚವನ್ನೂ, ನಷ್ಟ ಹೆಚ್ಚದಂತೆ ತಡೆಯಲು ಮಾಡಿದ ವೆಚ್ಚವನ್ನೂ ವೆಂಡರ್ ಕೊಡಬೇಕು. ಇದಕ್ಕೆ ಒಂದು ವರ್ಷದಲ್ಲಿ ಒಟ್ಟು 9.6 ಲಕ್ಷ ರೂಪಾಯಿಯ ಮಿತಿ ಇದೆ. ಈ ಮಿತಿಯೂ 14.1ರ ಮಿತಿಯೂ ಬೇರೆ ಬೇರೆ.

14.3 ಕೈತಪ್ಪಿದ ವ್ಯಾಪಾರ: ಕಂಪನಿಗೆ ತಪ್ಪಿಹೋದ ಆರ್ಡರು ಮತ್ತು ಲಾಭವನ್ನು ವೆಂಡರ್ ಕೊಡಬೇಕಿಲ್ಲ.

14.4 ಇಬ್ಬರ ತಪ್ಪು: ನಷ್ಟಕ್ಕೆ ಕಂಪನಿಯ ಜನರ ತಪ್ಪೂ ಕಾರಣವಾಗಿದ್ದರೆ, ಅದರ ಪಾಲನ್ನು ಕಳೆದು ಉಳಿದದ್ದನ್ನು ಮಾತ್ರ ವೆಂಡರ್ ಕೊಡಬೇಕು.”

17ನೇ ಕಲಮಿನಲ್ಲಿದ್ದ ಮಿತಿಯನ್ನು ತೆಗೆದು “ವೆಂಡರನ ಹೊಣೆಯ ಮಿತಿಗಳು 14ನೇ ಕಲಮಿನಲ್ಲಿವೆ” ಎಂದಷ್ಟೇ ಇಟ್ಟಿದ್ದೇನೆ. ದೃಷ್ಟಾಂತವಾಗಿ ಆಗಸ್ಟಿನ ರಾತ್ರಿಯನ್ನು, ತಪ್ಪು 70 ಮತ್ತು 30ರ ಪಾಲೆಂದು ಹಿಡಿದು ಬರೆದೆ. ಗ್ರಾಹಕರ ಕ್ಲೇಮು ಮತ್ತು ವಕೀಲರ ಖರ್ಚು 15 ಲಕ್ಷದಲ್ಲಿ ವೆಂಡರ್ ಕೊಡುವುದು 10.5 ಲಕ್ಷ. ಸ್ವಂತ ನಷ್ಟ 4.5 ಲಕ್ಷದಲ್ಲಿ ವೆಂಡರ್ ಕೊಡುವುದು 3.15 ಲಕ್ಷ. ಆರ್ಡರಿನ 5 ಲಕ್ಷ ಪೂರ್ತಿ ನಮ್ಮದು. ಒಟ್ಟಿನಲ್ಲಿ ವೆಂಡರ್ 13.65 ಲಕ್ಷ, ನಾವು 10.85 ಲಕ್ಷ.

ಇದನ್ನು ದೃಷ್ಟಾಂತವಿಲ್ಲದೆ ಮ್ಯಾನೇಜರ್ ಕೈಗೆ ಕೊಟ್ಟು ಆರೂ ಖರ್ಚುಗಳ ಎದುರು ಯಾರು ಕೊಡಬೇಕೆಂದು ಬರೆಯಲು ಹೇಳಿದೆ. ಐದು ಸರಿ ಬರೆದರು. ರೀಫರ್ ಗಾಡಿಯ 40 ಸಾವಿರವನ್ನು ಮಾತ್ರ “ವ್ಯಾಪಾರದ ಖರ್ಚು, ನಮ್ಮದು” ಎಂದು 14.3ಕ್ಕೆ ಸೇರಿಸಿದರು. “ನಷ್ಟ ಹೆಚ್ಚದಂತೆ ತಡೆಯಲು” ಎಂಬ ಮಾತಿನಲ್ಲಿ ಗಾಡಿ ಅವರಿಗೆ ಕಾಣಿಸಲಿಲ್ಲ. ಅಲ್ಲಿ “ಉದಾಹರಣೆಗೆ ಬದಲಿ ಶೀತಲ ಗಾಡಿಯ ಬಾಡಿಗೆ” ಎಂದು ಸೇರಿಸಿದ್ದೇನೆ. ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “70 ಮತ್ತು 30 ಎಂದು ಹೇಳುವವರು ಯಾರು?”

ಕೊಥ್ರೂಡ್ ಕನ್ನಡಿಗ:

ಕಾಳಾಘೋಡಾ ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನಮ್ಮ ಕರಾರುಗಳಲ್ಲಿ ಮಿತಿಯ ಕಲಮಿನೊಳಗೇ ನಷ್ಟಭರ್ತಿಯನ್ನು ಹೊರಗಿಟ್ಟಿರುತ್ತಾರೆಂಬುದು ಈಗ ತೆರೆದು ನೋಡಿದಾಗ ಕಂಡಿತು. ಆದರೆ ಕೈತಪ್ಪಿದ ಲಾಭವನ್ನು ಪೂರ್ತಿ ಬಿಟ್ಟುಕೊಟ್ಟದ್ದು ನನಗೆ ಸರಿಕಾಣುವುದಿಲ್ಲ. ಮಾಲು ಕೆಟ್ಟರೆ ಆರ್ಡರ್ ತಪ್ಪುತ್ತದೆ ಎಂಬುದು ಕೋಲ್ಡ್ ಸ್ಟೋರೇಜಿನ ವೆಂಡರನಿಗೆ ಮೊದಲೇ ತಿಳಿದಿರುವ ಸಂಗತಿಯಲ್ಲವೇ?

ಕಾಳಾಘೋಡಾ:

ತಿಳಿದಿರಬಹುದು. ಕರಾರು ಕಾಯ್ದೆಯ 73ನೇ ಪ್ರಕರಣದಡಿ ಅದು ದೂರದ ನಷ್ಟವೋ ಸಹಜವಾಗಿ ಬಂದ ನಷ್ಟವೋ ಎಂದು ವಾದಿಸಲು ಜಾಗವೂ ಉಂಟು. ಅದು ಚೌಕಾಸಿಯ ವಿಷಯ. 5 ಲಕ್ಷವನ್ನು ಸೇರಿಸಿ ಶುಲ್ಕ ಹೆಚ್ಚು ಕೊಡುತ್ತೀರೋ, ಬಿಟ್ಟು ಕಡಿಮೆ ಕೊಡುತ್ತೀರೋ ಎಂಬುದನ್ನು ಕಂಪನಿ ತೀರ್ಮಾನಿಸಲಿ. ಕಲಮಿನ ಕೆಲಸ ಆ ತೀರ್ಮಾನವನ್ನು ಬಚ್ಚಿಡದೆ ಇರುವುದು.

ಮೇಡಂ, ನಿಮ್ಮ ಕರಡಿನಲ್ಲಿ ಒಂದು ದೊಡ್ಡ ಕೊರತೆ ಇದೆ. ಆ ಮರುದಿನ ಬೆಳಿಗ್ಗೆ ಮ್ಯಾನೇಜರ್ ಏನು ಮಾಡಬೇಕೆಂಬುದನ್ನು ಅದು ಹೇಳುವುದಿಲ್ಲ. ಗ್ರಾಹಕ ಹಳೆಯವನೆಂದು ಅವರು ಫೋನಿನಲ್ಲಿಯೇ “14 ಕೊಟ್ಟುಬಿಡುತ್ತೇವೆ” ಎಂದು ಒಪ್ಪಿಕೊಂಡರೆ, ಅಷ್ಟು ಏಕೆ ಕೊಟ್ಟಿರಿ ಎಂದು ವೆಂಡರ್ ಕೇಳುತ್ತಾನೆ. ದಾವೆಯಾದಾಗ ರಾಜಿಯಲ್ಲಿ ಕೊಟ್ಟ ಹಣವನ್ನು ವಸೂಲು ಮಾಡಬಹುದೆಂದು 125ನೇ ಪ್ರಕರಣ ಹೇಳುತ್ತದೆ. ಆದರೆ ಆ ರಾಜಿ ನಷ್ಟಭರ್ತಿ ಕೊಡುವವನ ಅಪ್ಪಣೆಗೆ ವಿರುದ್ಧವಾಗಿರಬಾರದು ಮತ್ತು ನಷ್ಟಭರ್ತಿಯ ಮಾತೇ ಇಲ್ಲದಿದ್ದರೂ ವಿವೇಕಿಯೊಬ್ಬ ಮಾಡಿಕೊಳ್ಳುವಂಥದ್ದಾಗಿರಬೇಕು. ಆದ್ದರಿಂದ ಕ್ಲೇಮು ಬಂದ ಮೂರು ಕೆಲಸದ ದಿನಗಳೊಳಗೆ ವೆಂಡರನಿಗೆ ಬರಹದಲ್ಲಿ ತಿಳಿಸಬೇಕು, ಅವನಿಗೆ ಹೇಳದೆ ಮೊತ್ತವನ್ನು ಒಪ್ಪಿಕೊಳ್ಳಬಾರದು, ಅವನು ಹತ್ತು ದಿನ ಉತ್ತರಿಸದಿದ್ದರೆ ಕಂಪನಿ ನ್ಯಾಯವಾದ ಮೊತ್ತಕ್ಕೆ ತೀರ್ಮಾನಿಸಬಹುದು ಎಂದು 14.5 ಸೇರಿಸಿ. ತಿಳಿಸಲು ಒಂದೆರಡು ದಿನ ತಡವಾದ ಮಾತ್ರಕ್ಕೆ ಹಕ್ಕು ಹೋಗದಿರಲಿ. ತಡದಿಂದ ನಿಜವಾಗಿ ಹೆಚ್ಚಿದ ಮೊತ್ತವನ್ನು ಮಾತ್ರ ಕಳೆಯಲಿ. ಹಣ ಕೊಡಬೇಕಾದ 15 ದಿನದ ಸಾಲನ್ನೂ ನೀವು ಮರೆತಿದ್ದೀರಿ.

70 ಮತ್ತು 30ರ ಪ್ರಶ್ನೆ ಕಠಿಣ. ನಷ್ಟವನ್ನು ಅಳೆಯುವ, ಇಬ್ಬರೂ ಒಪ್ಪಿದ ಸರ್ವೇಯರ್ ಹೇಳಲಿ ಎಂದು ಬರೆಯುವುದು ಒಂದು ದಾರಿ. ಆತ ಹೇಳುವವರೆಗೆ ಅರ್ಧರ್ಧ ಕೊಟ್ಟಿರಲಿ, ಆಮೇಲೆ ಲೆಕ್ಕ ಸರಿಮಾಡಿಕೊಳ್ಳಲಿ ಎಂಬುದು ನನ್ನ ಒಲವು.

ಭೋಸರಿಯ ಮೆಕ್ಯಾನಿಕ್:

ಅರ್ಧರ್ಧಕ್ಕೆ ನಾನಾದರೆ ಒಪ್ಪುವುದಿಲ್ಲ. ತಪ್ಪೇ ಇಲ್ಲದ ದಿನವೂ ಮೊದಲು ಅರ್ಧ ಕೊಟ್ಟು, ಆಮೇಲೆ ನನ್ನ ಹಣಕ್ಕಾಗಿ ನಾನೇ ನಿಮ್ಮ ಗೇಟಿನ ಮುಂದೆ ನಿಲ್ಲಬೇಕಾಗುತ್ತದೆ.

ಮಾಟುಂಗಾ ಕಾರ್ಯದರ್ಶಿ:

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಂತ್ರಾಟುದಾರನಿಗೆ ಇಂದೇ ಬರಹದಲ್ಲಿ ತಿಳಿಸುತ್ತೇನೆ. ನೋಟೀಸು ಬಂದು ಈಗಾಗಲೇ ಒಂದು ತಿಂಗಳಾಯಿತು.

ವೆರ್ಣಾ ಖರೀದಿ:

14.5 ಮತ್ತು 15 ದಿನದ ಸಾಲನ್ನು ಸೇರಿಸಿದ್ದೇನೆ. ಮ್ಯಾನೇಜರ್ ಅದನ್ನು ಓದಿ, “ಹೋದ ಸಲ ಮಾಡಬಾರದ್ದನ್ನೇ ಮಾಡಿದೆ” ಎಂದರು. ಗ್ರಾಹಕರಿಗೆ ಅವರು ಫೋನಿನಲ್ಲಿಯೇ ಒಪ್ಪಿಕೊಂಡಿದ್ದರಂತೆ. ಪಾಲನ್ನು ಹೇಳುವವರು ಯಾರು ಎಂಬ ಜಾಗವನ್ನು ಖಾಲಿ ಬಿಟ್ಟು ಹೊಸ ವೆಂಡರಿಗೆ ಕರಡು ಕಳಿಸಿದ್ದೇನೆ. 25 ಲಕ್ಷಕ್ಕೆ ಅವರ ವಿಮೆ ಸಾಲದು, 15ಕ್ಕೆ ಇಳಿಸಿ ಎನ್ನುತ್ತಿದ್ದಾರೆ. ಪಾಲಿಸಿಯ ನಕಲು ಇನ್ನೂ ಬಂದಿಲ್ಲ.

ಭೋಸರಿಯ ಮೆಕ್ಯಾನಿಕ್:

ಸರ್ವೇಯರ್ ಯಾರೇ ಬಂದರೂ ಆತ ನೋಡುವುದು ಕಾಗದವನ್ನೇ. ತಾಪಮಾನ ಬರೆದಿಡುವ ಡೇಟಾ ಲಾಗರಿನ ದಾಖಲೆ, ಅಲಾರಂ ಹೊಡೆದ ಮತ್ತು ಬಂದ್ ಮಾಡಿದ ಹೊತ್ತು ಇವು ನಿಮ್ಮ ಬಳಿ ಇರುತ್ತವೆ, ನನ್ನಂಥವನ ಬಳಿ ಇರುವುದು ಮಾಡಿದ ಕೆಲಸ ಬರೆಯುವ ಜಾಬ್ ಕಾರ್ಡ್ ಒಂದೇ. ಲಾಗರಿನ ನಕಲನ್ನು ಎರಡು ದಿನದೊಳಗೆ ವೆಂಡರಿಗೆ ಕೊಡಬೇಕೆಂದು ಕಲಮಿನಲ್ಲಿ ಹಾಕಿ. ಜಾಬ್ ಕಾರ್ಡಿನ ಕೆಳಗೆ “ಟೈಮರ್ ಆಟೋದಲ್ಲಿದೆ, ಕೋಣೆಯ ತಾಪಮಾನ ಇಷ್ಟು, ಹೊತ್ತು ಇಷ್ಟು” ಎಂಬ ಸಾಲನ್ನು ಅಚ್ಚು ಹಾಕಿಸಿ, ನನ್ನ ಹುಡುಗ ಗೇಟು ದಾಟುವ ಮೊದಲು ನಿಮ್ಮ ಆಪರೇಟರ್ ಕೋಣೆಗೆ ಹೋಗಿ ನೋಡಿ ಅದರ ಪಕ್ಕದಲ್ಲಿ ಸಹಿ ಹಾಕಲಿ.